ಪದಚ್ಯುತಿ: ಜವಾನನಿಂದ ಸುಬೇದಾರನವರೆಗೆ

(ದೇಹೂ ರೋಡಿನ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನಮ್ಮ ದೊಡ್ಡಪ್ಪನ ಮಗನಿಗೆ ಹೆಣ್ಣು ನೋಡುತ್ತಿದ್ದ ಕಾಲದ ಮಾತಿನಿಂದ ಶುರು ಮಾಡುತ್ತೇನೆ. ಅಣ್ಣ ಆಗ ಸೇನೆ ಸೇರಿ ಇದೇ ದೇಹೂ ರೋಡಿನ ದಂಡಿನಲ್ಲಿದ್ದ. ನಮ್ಮೂರು ವಿಜಯಪುರ ಜಿಲ್ಲೆಯ ಹಳ್ಳಿ. ಹೆಣ್ಣಿನ ಕಡೆಯವರು ಬಂದು ಚಾಪೆಯ ಮೇಲೆ ಕೂತರು. ಹುಡುಗನ ಉದ್ಯೋಗದ ಮಾತು ಬಂತು. ದೊಡ್ಡಪ್ಪ ಅಣ್ಣನ ಕಾಗದದಲ್ಲಿದ್ದ ಮಾತನ್ನೇ ಹೆಮ್ಮೆಯಿಂದ ಹೇಳಿದ: "ಪುಣೇದಾಗ ಜವಾನ್ ಅದಾನ್ರಿ." ಬೀಗರಾಗಬೇಕಿದ್ದವರ ಮುಖ ಇಳಿಯಿತು. "ಅಲ್ರೀ, ಕಚೇರಿಯೊಳಗ ಚಾ ತರೋ ಹುಡುಗಗ ಮಗಳನ್ನ ಹ್ಯಾಂಗ ಕೊಡೂದು?" ಎಂದು ಎದ್ದರು. ಆ ಸಂಬಂಧ ಅಲ್ಲಿಗೇ ಮುರಿಯಿತು. ದೊಡ್ಡಪ್ಪ ಸುಳ್ಳು ಹೇಳಿರಲಿಲ್ಲ, ಆ ಹಿರಿಯರೂ ತಪ್ಪು ತಿಳಿದಿರಲಿಲ್ಲ. ಹಿಂದಿಯ ಜವಾನ್ ಗಡಿ ಕಾಯುತ್ತಾನೆ. ಕನ್ನಡದ ಜವಾನ ಸಾಹೇಬರ ಕೋಣೆಯ ಬಾಗಿಲು ಕಾಯುತ್ತಾನೆ. ಪದ ಮಾತ್ರ ಒಂದೇ.

ಪದದ ಅರ್ಥ ಹೇಗೆ ಸರಿಯುತ್ತದೆ ಎಂಬುದನ್ನು ಭಾಷಾಶಾಸ್ತ್ರದವರು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ಹೇಳುತ್ತಾರೆ: ಅರ್ಥ ಹಿಗ್ಗುವುದು, ಕುಗ್ಗುವುದು, ಒಂದು ವಸ್ತುವಿನಿಂದ ಇನ್ನೊಂದಕ್ಕೆ ರೂಪಕವಾಗಿ ದಾಟುವುದು, ಹೀನಾರ್ಥಕ್ಕೆ ಇಳಿಯುವುದು. ಮೊದಲ ಮೂರನ್ನು ಇಂದು ಬೇಗ ಮುಗಿಸುತ್ತೇನೆ. ನನಗೆ ಹೇಳಬೇಕಿರುವುದು ನಾಲ್ಕನೆಯದರ ಬಗ್ಗೆ. ಅದಕ್ಕೆ ಈ ದಂಡಿನ ಊರಿಗಿಂತ ತಕ್ಕ ಜಾಗ ನನಗೆ ತೋಚಲಿಲ್ಲ.

ನೀವಿರುವ ಊರಿನ ಹೆಸರಲ್ಲೇ ಅರ್ಥ ಒಮ್ಮೆ ಸರಿದಿದೆ. ತುಕಾರಾಮರ ದೇಹೂ ಇಲ್ಲಿಂದ ಕೆಲವು ಕಿಲೋಮೀಟರ್ ದೂರದ ಇಂದ್ರಾಯಣಿ ದಂಡೆಯಲ್ಲಿದೆ. ಊರು ಒಂದು ಕಡೆ, ನಿಲ್ದಾಣ ಇನ್ನೊಂದು ಕಡೆ ಇದ್ದರೆ ರೈಲ್ವೆಯವರು ಊರ ಹೆಸರಿಗೆ 'ರೋಡ್' ಸೇರಿಸಿ ನಿಲ್ದಾಣದ ಹಲಗೆ ಬರೆಸುತ್ತಿದ್ದರು. ಇಲ್ಲಿಳಿದರೆ ಆ ಊರಿಗೆ ದಾರಿಯಿದೆ ಎಂದಷ್ಟೇ ಅದರ ಅರ್ಥ. ಕಲಬುರಗಿ ಕಡೆಗೆ ಹೋಗುವಾಗ ನೀವು ದಾಟುವ ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್ ಹುಟ್ಟಿದ್ದೂ ಹೀಗೆಯೇ. ಆಮೇಲೆ ಇಲ್ಲಿ ಡಿಪೋ ಬಂತು, ವಸಾಹತು ಬಂತು, ಪೇಟೆ ಬೆಳೆಯಿತು. ಈಗ 'ನಮ್ಮನೆ ದೇಹೂ ರೋಡಿನಲ್ಲಿ' ಎಂದರೆ ರಸ್ತೆಯ ಮೇಲೆ ಮನೆ ಕಟ್ಟಿದ್ದೀರಾ ಎಂದು ಯಾರೂ ಕೇಳುವುದಿಲ್ಲ.

ಅರ್ಥ ಹಿಗ್ಗುವುದಕ್ಕೆ ನಿಮ್ಮ ಅಡುಗೆಮನೆಯ ಎಣ್ಣೆಯೇ ಸಾಕ್ಷಿ. ಎಳ್ ಎಂದರೆ ಎಳ್ಳು, ನೆಯ್ ಎಂದರೆ ಜಿಡ್ಡು. ಎರಡೂ ಕೂಡಿ ಎಣ್ಣೆ. ಹಾಗಾಗಿ ಮೊದಲು ಎಳ್ಳಿನದಷ್ಟೇ ಎಣ್ಣೆ. ಬರಬರುತ್ತ ಕೊಬ್ಬರಿಯದೂ ಎಣ್ಣೆ, ಹರಳಿನದೂ ಎಣ್ಣೆ, ಕೊನೆಗೆ ಬೀಜವೇ ಇಲ್ಲದೆ ನೆಲದಿಂದ ಬಂದದ್ದೂ ಸೀಮೆಎಣ್ಣೆ. ಪಕ್ಕದ ಮನೆಯ ಮರಾಠಿ ವಹಿನಿಯ ತೇಲ ಕೂಡ ಇದೇ ದಾರಿಯಲ್ಲಿ ಬಂದದ್ದು: ಸಂಸ್ಕೃತದ ತಿಲ ಎಂದರೆ ಎಳ್ಳು, ಅದರಿಂದ ತೈಲ, ತೈಲದಿಂದ ತೇಲ. ಇಂಗ್ಲಿಷಿನ ಆಯಿಲ್ ಗ್ರೀಕರ ಆಲಿವ್ ಮರದಿಂದ ಇಳಿದು ಬಂದಿದೆ. ಹಿಗ್ಗಿದೆ ಎಂದು ಗುರುತಿಸುವುದು ಹೇಗೆ? ನಾವು 'ಎಳ್ಳೆಣ್ಣೆ' ಎನ್ನುತ್ತೇವೆ. ಒಳಗೆ ಎಳ್ಳು ಆಗಲೇ ಇರುವಾಗ ಹೊರಗಿನಿಂದ ಇನ್ನೊಂದು ಎಳ್ಳು ಸೇರಿಸಬೇಕಾಯಿತು ಎಂದರೆ, ಒಳಗಿನದು ನಮ್ಮ ಕಿವಿಗೆ ಸತ್ತಿದೆ. ಇಂಗ್ಲಿಷಿನವರ 'ಆಲಿವ್ ಆಯಿಲ್' ಸಹ ಇಂಥದೇ ಎರಡು ಸುತ್ತಿನ ಮಾತು.

ಕುಗ್ಗುವುದಕ್ಕೆ ಆಳು. ಹಳೆಯ ಕಾಲಕ್ಕೆ ಆಳ್ ಎಂದರೆ ಬರಿಯ ಮನುಷ್ಯ. ಇಲ್ಲಿನ ತಮಿಳು ನೆರೆಯವರು ಇಂದಿಗೂ ಎಷ್ಟು ಜನ ಬಂದರು ಎಂದು ಕೇಳಲು ಆಳ್ ಎಂಬ ಮಾತನ್ನೇ ಬಳಸುತ್ತಾರೆ. ಕನ್ನಡದಲ್ಲಿ ಅದು ಮೊದಲು ಒಡೆಯನಿಗಾಗಿ ಹೋರಾಡುವವನಾಯಿತು, ಆಮೇಲೆ ಒಡೆಯನಿಗಾಗಿ ದುಡಿಯುವವನಾಯಿತು. ಹೊಲಕ್ಕೆ ನಾಲ್ಕು ಆಳು ಬೇಕು ಎಂದರೆ ಊರ ಗೌಡ ತಾನು ಆ ಲೆಕ್ಕದಲ್ಲಿಲ್ಲ ಎಂದು ಸುಮ್ಮನಿರುತ್ತಾನೆ. ಆದರೆ ಬಾವಿಯ ಆಳ ಹೇಳುವಾಗ 'ಎರಡಾಳು ನೀರು' ಎನ್ನುತ್ತೇವೆ, ಗೋಡೆ 'ಆಳೆತ್ತರ' ಎನ್ನುತ್ತೇವೆ. ಅಲ್ಲಿ ಕೂಲಿಯವನೂ ಇಲ್ಲ, ಯೋಧನೂ ಇಲ್ಲ, ಬರಿ ಮನುಷ್ಯನ ಎತ್ತರ. ಹಳೆಯ ಅರ್ಥ ಸಾಯುವಾಗ ಇಂಥ ಸಮಾಸಗಳ ಸಂದಿಯಲ್ಲಿ ಅವಿತುಕೊಳ್ಳುತ್ತದೆ. ಅರ್ಥದ ಚರಿತ್ರೆ ಹುಡುಕುವವರು ಮೊದಲು ಕೈಹಾಕಬೇಕಾದ್ದು ಇಂಥ ಸಂದಿಗಳಿಗೇ.

ರೂಪಕಕ್ಕೆ ಪದ ಎಂಬ ಪದ. ಸಂಸ್ಕೃತದ ಪದ ಎಂದರೆ ಹೆಜ್ಜೆ. ಹೆಜ್ಜೆ ಊರುವ ನೆಲವೂ ಪದವಾಯಿತು, ನೆಲದಿಂದ ನೆಲೆ, ನೆಲೆಯಿಂದ ಸ್ಥಾನ, ಸ್ಥಾನದಿಂದ ಪದವಿ. ಇನ್ನೊಂದು ಕಡೆ ಮಾತಿನ ನಡಿಗೆಯಲ್ಲಿ ಒಂದೊಂದು ಹೆಜ್ಜೆಯೂ ಪದ. ಕನ್ನಡದಲ್ಲಿ ದಾಸರ ಹಾಡೂ ಪದ. 'ಪದಚ್ಯುತಿ' ಎಂದು ಈ ಉಪನ್ಯಾಸಕ್ಕೆ ಹೆಸರಿಟ್ಟದ್ದು ಈ ಸಲುಗೆಯಿಂದಲೇ. ಹುದ್ದೆಯಿಂದ ಇಳಿದದ್ದಕ್ಕೂ ಅದೇ ಮಾತು, ಪದವೇ ಕೆಳಗಿಳಿದದ್ದಕ್ಕೂ ಅದೇ ಮಾತು. ಈ ಹೆಜ್ಜೆಯ ನಂಟಸ್ತಿಕೆ ಇಲ್ಲಿಗೆ ಮುಗಿಯುವುದಿಲ್ಲ. ಪಾರಸಿಯಲ್ಲಿ ಕಾಲ್ನಡಿಗೆಯ ಸೈನಿಕ ಪಿಯಾದಾ. ಅವನೇ ಕನ್ನಡಕ್ಕೆ ಬಂದು ಪೊಲೀಸ್ ಪೇದೆಯಾದ. ಪೋರ್ಚುಗೀಸರ ಕಾಲಾಳು ಇಂಗ್ಲಿಷಿನ ಮೂಲಕ ನಮ್ಮ ಕಚೇರಿಗೆ ಬಂದು ಪ್ಯೂನ್ ಆದ. ಸಂಸ್ಕೃತದ ಪದ, ಪಾರಸಿಯ ಪಿಯಾದಾ, ಲ್ಯಾಟಿನ್ನಿನಿಂದ ಪೋರ್ಚುಗೀಸಿಗೆ ಇಳಿದ ಆ ಪದ, ಮೂರೂ ಕಾಲು ಎಂಬ ಒಂದೇ ಪ್ರಾಚೀನ ಬೇರಿನ ಚಿಗುರುಗಳು. ಪದವಿಗೇರಿದವನೂ ಪ್ಯೂನನೂ ಬೇರಿನಲ್ಲಿ ಅಣ್ಣತಮ್ಮಂದಿರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವನಿಗೆ ನಮ್ಮಲ್ಲಿ ಎಷ್ಟು ಹೆಸರುಗಳಿವೆ ನೋಡಿ. ಕನ್ನಡದಲ್ಲಿ ಜವಾನ ಅಥವಾ ಸಿಪಾಯಿ. ಮರಾಠಿಯಲ್ಲಿ ಶಿಪಾಯಿ. ಇಂಗ್ಲಿಷಿನಿಂದ ಬಂದ ಪ್ಯೂನ್. ಬೆಂಗಳೂರಿನ ಸಚಿವಾಲಯದ ಕಡೆ ದಲಾಯತ್. ನಾಲ್ಕು ಬೇರೆ ಬೇರೆ ಪದಗಳು. ಆದರೆ ಪ್ಯೂನ್ ಎಂದರೆ ಕಾಲಾಳು, ಸಿಪಾಯಿ ಎಂದರೆ ಸಿಪಾಹ್ ಎಂಬ ಸೈನ್ಯದವನು, ಜವಾನ ಎಂದರೆ ಯುವ ಸೈನಿಕ, ದಲಾಯತ್ ಎಂದರೆ ಢಾಲು ಹಿಡಿದವನು, ಅಂದರೆ ಗುರಾಣಿಯ ಭಟ. ಒಬ್ಬೊಬ್ಬರಾಗಿ ರಣರಂಗದಿಂದ ಬಂದು ಒಂದೇ ಸ್ಟೂಲಿನ ಮೇಲೆ ಕೂತಿದ್ದಾರೆ. ಒಂದು ಪದಕ್ಕೆ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ನಾಲ್ಕಕ್ಕೂ ಆಗಿದೆ ಎಂದರೆ ಕಾರಣ ಪದಗಳ ಒಳಗಿಲ್ಲ, ಅವು ಹೆಸರಿಸಿದ ಕೆಲಸದಲ್ಲಿದೆ. ಹಿಂದಿನ ಅಧಿಕಾರಿಯ ಮುಂದೆ ಆಯುಧ ಹಿಡಿದ ಆಳು ನಡೆಯುತ್ತಿದ್ದ. ಕಪ್ಪಕಾಣಿಕೆ ವಸೂಲಿಗೆ, ಓಲೆ ಮುಟ್ಟಿಸುವುದಕ್ಕೆ, ಬಾಗಿಲು ಕಾಯುವುದಕ್ಕೆ ಅವನೇ. ಕಂಪನಿಯ ಆಡಳಿತ ನೆಲೆಯೂರಿ ಕಚೇರಿಗಳು ಬೆಳೆದಂತೆ ಕೈಯಿಂದ ಗುರಾಣಿ ಹೋಯಿತು, ಓಲೆ ಉಳಿಯಿತು. ಮನುಷ್ಯ ನಿಂತ ಜಾಗ ಅದೇ, ಹೆಸರೂ ಅದೇ. ಕೆಲಸ ಒಳಗೊಳಗೇ ಬದಲಾಗಿತ್ತು.

ಜವಾನ ಪದದ ಹಿಂದಿನ ಹೆಜ್ಜೆಯನ್ನೂ ನೋಡಬೇಕು. ಪಾರಸಿಯ ಜವಾನ್, ಸಂಸ್ಕೃತದ ಯುವನ್ ಒಂದೇ ಮೂಲದವು. ಹಾಗಾಗಿ ನಮ್ಮ ಜವಾನನೂ ಯುವಕನೂ ಸೋದರರು. ಹುಡುಗ ಎಂಬ ಅರ್ಥದ ಪದ ಸೈನಿಕನಾಗುವುದು ನಮ್ಮಲ್ಲಷ್ಟೇ ಆದದ್ದಲ್ಲ. ಇನ್‌ಫಂಟ್ರಿ ಎಂಬ ಪದದೊಳಗೆ ಮಗು, ಹುಡುಗ ಎಂಬ ಅರ್ಥದ ಮೂಲವಿದೆ. ಹುಡುಗ ಎನ್ನುವ ಪದ ಮೇಲಕ್ಕೂ ಹೋಗಬಲ್ಲದು, ಕೆಳಕ್ಕೂ ಹೋಗಬಲ್ಲದು. ಹಳೆಯ ಇಂಗ್ಲಿಷಿನಲ್ಲಿ ಹುಡುಗನಿಗಿದ್ದ ಎರಡು ಪದಗಳಲ್ಲಿ ಒಂದು ಸೇವಕನಾಗಿ, ಯೋಧನಾಗಿ, ಕೊನೆಗೆ ನೈಟ್ ಎಂಬ ಬಿರುದಾಯಿತು. ಇನ್ನೊಂದು ಸೇವಕನಾಗಿ, ಠಕ್ಕನಾಗಿ ನೇವ್ ಎಂಬ ಬೈಗುಳವಾಯಿತು. ಹೊರಟದ್ದು ಒಂದೇ ಮನೆಯಿಂದ. ಆದ್ದರಿಂದ ಪದದ ಮೂಲಾರ್ಥ ಗೊತ್ತಾದ ಮಾತ್ರಕ್ಕೆ ಅದರ ಮುಂದಿನ ಗತಿಯನ್ನು ಹೇಳಲಾಗದು. ಜ್ಯೋತಿಷ್ಯದಂತೆ ಹೇಳುವವರಿದ್ದಾರೆ, ನಂಬಬೇಡಿ.

ಇಳಿದ ಪದಗಳೆಲ್ಲ ಒಂದೇ ರೀತಿ ಇಳಿದಿಲ್ಲ ಎಂಬುದು ನನ್ನ ವಾದ. ಎರಡು ದಾರಿಗಳಿವೆ. ಅವನ್ನು ಬೆರೆಸಿದರೆ ಗೊಂದಲವಾಗುತ್ತದೆ.

ಒಂದನೆಯ ದಾರಿಗೆ ನಿಮ್ಮ ದಂಡಿನ ಪದವಿಗಳನ್ನೇ ತೆಗೆದುಕೊಳ್ಳಿ. ಅಕ್ಬರ್ 1580ರಲ್ಲಿ ಸಾಮ್ರಾಜ್ಯವನ್ನು 12 ಸುಬಾಗಳಾಗಿ ವಿಂಗಡಿಸಿದ. ಸುಬಾದ ಒಡೆಯ ಸುಬೇದಾರ. ಔರಂಗಜೇಬ 1686ರಲ್ಲಿ ನಮ್ಮ ವಿಜಯಪುರವನ್ನು ಗೆದ್ದ ಮೇಲೆ ಅದೂ ಒಂದು ಸುಬಾ ಆಯಿತು. ಅಲ್ಲಿನ ಸುಬೇದಾರ ಎಂದರೆ ಹೆಚ್ಚೂಕಡಿಮೆ ಇಂದಿನ ರಾಜ್ಯಪಾಲ, ಜೊತೆಗೆ ಸೇನೆಯೂ ಕೈಯಲ್ಲಿ. ಅದೇ ಕಾಲದ ಫೌಜದಾರ ಜಿಲ್ಲೆಯಷ್ಟು ಸೀಮೆಯ ಸೇನಾಧಿಕಾರಿ. ಮರಾಠರ ಕೋಟೆಗಳಲ್ಲಿ ಹವಾಲ್ದಾರನೇ ಕೋಟೆಯ ಯಜಮಾನ, ಬಾಗಿಲ ಕೀಲಿಕೈ ಅವನ ಬಳಿ. ಲೋಹಗಡ ಇಲ್ಲಿಂದ ದೂರವೇನಲ್ಲ. ಅಂಥ ಕೋಟೆಯೊಂದರ ಕೀಲಿಕೈ ಎಂದರೆ ಸಣ್ಣ ಮಾತಲ್ಲ. ನಾಯಕ ಪದವಂತೂ ಹೇಳಲೇಬೇಕಿಲ್ಲ. ಹೊಯ್ಸಳರ ದಂಡನಾಯಕರು, ವಿಜಯನಗರದ ನಾಯಕರು, ಕೆಳದಿಯ ನಾಯಕರು, ಚಿತ್ರದುರ್ಗದ ಮದಕರಿ ನಾಯಕರು. ಆಳುವವನ ಹೆಸರದು.

ಇಂದು ಇದೇ ದೇಹೂ ರೋಡಿನ ಗೇಟಿನಲ್ಲಿ ನಿಂತು ನೋಡಿ. ನಾಯಕ್ ಎಂದರೆ ತೋಳಿನ ಮೇಲೆ ಎರಡು ಪಟ್ಟಿ. ಹವಾಲ್ದಾರ್ ಎಂದರೆ ಮೂರು ಪಟ್ಟಿ. ಸುಬೇದಾರ್ ಕಿರಿಯ ಅಧಿಕಾರಿವರ್ಗದವನು, ಮೊನ್ನೆ ತರಬೇತಿ ಮುಗಿಸಿ ಬಂದ ಲೆಫ್ಟಿನೆಂಟಿಗೂ ಸೆಲ್ಯೂಟ್ ಹೊಡೆಯಬೇಕು. ನಮ್ಮ ಕಡೆಯ ಊರುಗಳಲ್ಲೂ ಮಹಾರಾಷ್ಟ್ರದಲ್ಲೂ ಫೌಜದಾರ ಎಂದರೆ ಪೊಲೀಸ್ ಸಬ್‌ಇನ್‌ಸ್ಪೆಕ್ಟರು.

ಇದು ಆದದ್ದು ಹೇಗೆ? ಈಸ್ಟ್ ಇಂಡಿಯಾ ಕಂಪನಿ ದೇಶೀ ಸೈನಿಕರ ಪಲ್ಟನ್‌ಗಳನ್ನು ಕಟ್ಟಿದಾಗ ಹೊಸ ಹೆಸರು ಹುಡುಕಲಿಲ್ಲ. ಕ್ಲೈವ್ 1757ರಲ್ಲಿ ಬಂಗಾಳದಲ್ಲಿ ಶುರು ಮಾಡಿದ ಪಲ್ಟನ್ನಿನ ಕಾಲದಿಂದಲೂ ಊರಲ್ಲಿದ್ದ ದೊಡ್ಡ ಹೆಸರುಗಳನ್ನೇ ಸಣ್ಣ ತುಕಡಿಗಳ ಮುಖ್ಯಸ್ಥರಿಗೆ ಹಂಚಿದರು. ಸುಬಾದ ಒಡೆಯನ ಹೆಸರು ನೂರು ಜನರ ಕಂಪನಿಯ ಹಿರಿಯನಿಗೆ ಬಂತು. ಆಮೇಲೆ ಆ ಏಣಿಯ ಮೇಲೆ ಇನ್ನೊಂದು ಏಣಿ ಇಟ್ಟರು, ಅದು ಯುರೋಪಿಯನ್ನರಿಗೆ ಮೀಸಲು. 1796ರ ಮರುಸಂಘಟನೆಯಲ್ಲಿ ಪ್ರತಿ ಪಲ್ಟನ್ನಿಗೂ ಇಂಗ್ಲಿಷ್ ಅಧಿಕಾರಿಗಳ ಸಂಖ್ಯೆ ಏರಿತು, ದೇಶೀ ಅಧಿಕಾರಿಗಳ ಕೈಯಲ್ಲಿದ್ದ ಅಧಿಕಾರ ಇನ್ನೂ ತೆಳ್ಳಗಾಯಿತು. ತಲೆ ನರೆತ ಸುಬೇದಾರ, ಮೀಸೆ ಮೂಡದ ಇಂಗ್ಲಿಷ್ ಹುಡುಗನ ಕೆಳಗೆ ನಿಂತ. ಗಮನಿಸಿ, ಇಲ್ಲಿ ಪದ ಕೆಳಗಿಳಿಯಲಿಲ್ಲ. ಏಣಿಯೇ ಮೇಲಕ್ಕೆ ಬೆಳೆಯಿತು. ಪದ ನಿಂತಲ್ಲೇ ಕೆಳಗಾಯಿತು.

ಅದಕ್ಕೇ ಈ ಪದಗಳ ಮರ್ಯಾದೆ ಇಳಿಯಲಿಲ್ಲ. ಡಾ. ಅಂಬೇಡ್ಕರ್ 1954ರ ಡಿಸೆಂಬರ್ 25ರಂದು ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಇದೇ ದೇಹೂ ರೋಡಿನಲ್ಲಿ. ಅವರ ತಂದೆ ರಾಮ್‌ಜಿ ಸಕ್ಪಾಳರನ್ನು ಜನ ಇಂದಿಗೂ ಸುಬೇದಾರ್ ರಾಮ್‌ಜಿ ಎಂದೇ ನೆನೆಯುತ್ತಾರೆ. ಮುಟ್ಟದ ಸಮಾಜದ ನಡುವೆ ಆ ಪದವಿ ಎಷ್ಟು ತೂಕದ್ದಾಗಿತ್ತು ಎಂಬುದನ್ನು ನಾನು ಹೇಳಬೇಕಿಲ್ಲ. 2016ರಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಸಿಕ್ಕಿ, ಆರು ದಿನ ಹಿಮದಡಿ ಉಳಿದು, ಆಮೇಲೆ ತೀರಿಕೊಂಡ ಧಾರವಾಡ ಸೀಮೆಯ ಹನುಮಂತಪ್ಪ ಕೊಪ್ಪದ ಅವರ ಹೆಸರನ್ನು ಲ್ಯಾನ್ಸ್ ನಾಯಕ್ ಎಂಬ ಪದ ಬಿಟ್ಟು ಯಾರಾದರೂ ಹೇಳಿದ್ದು ಕೇಳಿದ್ದೀರಾ? ಸೇನೆಯ ಲೆಕ್ಕದಲ್ಲಿ ಒಂದೇ ಪಟ್ಟಿ, ಜನರ ಬಾಯಲ್ಲಿ ಬಿರುದು. ಹುದ್ದೆಯ ಎತ್ತರ ಬೇರೆ, ಪದದ ಮಾನ ಬೇರೆ. ಸುಬೇದಾರ, ನಾಯಕ ಇಳಿದದ್ದನ್ನು ಹೀನಾರ್ಥ ಎಂದು ಬರೆದ ಪಠ್ಯಗಳನ್ನು ನಾನು ಒಪ್ಪುವುದಿಲ್ಲ.

ಏಣಿಯ ಆಟ ಎಷ್ಟು ವಿಚಿತ್ರ ಎಂದು ತಿಳಿಯಲು ಆ ಇನ್ನೊಂದು ಏಣಿಯ ತುತ್ತತುದಿಯ ಪದವನ್ನೇ ನೋಡಿ. ಮಾರ್ಷಲ್ ಎಂಬುದು ಜರ್ಮಾನಿಕ್ ಮೂಲದ ಪದ. ಅರ್ಥ ಕುದುರೆ ಆಳು, ನಮ್ಮ ಮಾತಲ್ಲಿ ಲಾಯದ ಚಾಕರಿಯವನು. ಅವನು ರಾಜನ ಕುದುರೆ ನೋಡಿಕೊಳ್ಳುತ್ತ, ರಾಜನ ಅಶ್ವದಳ ನೋಡಿಕೊಳ್ಳುತ್ತ, ಕೊನೆಗೆ ರಾಜನ ಸೇನೆಯನ್ನೇ ನೋಡಿಕೊಂಡ. ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಸಿಕ್ಕ ಫೀಲ್ಡ್ ಮಾರ್ಷಲ್ ಪದವಿಯ ಒಳಗೆ ಆ ಲಾಯದ ಆಳು ಇದ್ದಾನೆ. ನಾಯಕ ಎಂಬ ಅರಸನ ಪದ ಎರಡು ಪಟ್ಟಿಗೆ ಬಂತು, ಲಾಯದ ಪದ ಐದು ನಕ್ಷತ್ರಕ್ಕೆ ಹೋಯಿತು.

ಎರಡನೆಯ ದಾರಿ ಇದಕ್ಕಿಂತ ಬೇರೆ. ನಿಜವಾದ ಹೀನಾರ್ಥ ಬರುವುದು ಆ ದಾರಿಯಿಂದ. ವಿಚಿತ್ರವೆಂದರೆ ಆ ದಾರಿ ತಿರಸ್ಕಾರದ್ದಲ್ಲ, ಮರ್ಯಾದೆಯದು.

ಜಮಾದಾರ ಪದವನ್ನು ಒಂದೊಂದೇ ಹೆಜ್ಜೆ ಇಟ್ಟು ನೋಡೋಣ. ಜಮಾ ಎಂದರೆ ಗುಂಪು, ಗುಂಪಿನ ಮುಖ್ಯಸ್ಥ ಜಮಾದಾರ. ಕಂಪನಿ ಸೇನೆಯಲ್ಲಿ ಅವನು ಸುಬೇದಾರನ ಕೆಳಗಿನ ಅಧಿಕಾರಿ. ಅಲ್ಲಿಂದ ಹೊರಗೆ, ಪ್ಯೂನ್‌ಗಳ ಗುಂಪಿಗೊಬ್ಬ ಮುಖ್ಯಸ್ಥನಿದ್ದರೆ ಅವನೂ ಜಮಾದಾರ. ಇಲ್ಲಿಯವರೆಗೆ ಅರ್ಥ ಹಿಗ್ಗಿದೆ ಅಷ್ಟೆ, ಕೆಟ್ಟಿಲ್ಲ. ಮುಂದಿನ ಹೆಜ್ಜೆಗೆ ಲಿಖಿತ ಸಾಕ್ಷಿಯಿದೆ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ 'ಹಾಬ್ಸನ್ ಜಾಬ್ಸನ್' ಕೋಶ ಈ ಪದದ ಕೆಳಗೆ ಒಂದು ಸಂಗತಿಯನ್ನು ದಾಖಲಿಸುತ್ತದೆ: ಮನೆಯ ಇತರ ಕೆಲಸದವರು ನೀರು ಹೊರುವ ಭಿಸ್ತಿಯನ್ನು ಗೌರವಕ್ಕಾಗಿ ಜಮಾದಾರ ಎಂದು ಕರೆಯುತ್ತಾರೆ. ಭಿಸ್ತಿ ಎಂಬುದೇ ಇಂಥ ಮರ್ಯಾದೆಯ ಪದ. ಬಿಹಿಷ್ತ್ ಎಂದರೆ ಸ್ವರ್ಗ. ಬಾಯಾರಿದವನಿಗೆ ನೀರು ಕೊಡುವವನು ಸ್ವರ್ಗದವನು. ಅದೇ ಕೋಶದಲ್ಲಿ ಮೆಹ್ತರ್ ಇದೆ. ಪಾರಸಿಯಲ್ಲಿ 'ಹಿರಿಯ, ದೊಡ್ಡವನು' ಎಂದರ್ಥ. ವಾಯವ್ಯದ ಚಿತ್ರಾಲ್ ಸಂಸ್ಥಾನದ ದೊರೆಗೆ ಮೆಹ್ತರ್ ಎಂಬುದೇ ಬಿರುದು. ಉತ್ತರ ಹಿಂದೂಸ್ಥಾನದ ಮನೆಗಳಲ್ಲಿ ಅದೇ ಪದ ಕಸ ಗುಡಿಸುವವನ ಹೆಸರು. ಜಮಾದಾರ ಪದವೂ ಕೊನೆಗೆ ಅಲ್ಲಿ ಅವನ ಮೇಲೆಯೇ ಬಂದು ಕೂತಿತು.

ಯಾಕೆ ಹೀಗೆ? ಕೆಲಸವನ್ನು ಕೀಳೆಂದು ನೋಡುವ ಸಮಾಜದಲ್ಲಿ ಆ ಕೆಲಸದ ನೇರ ಹೆಸರು ಬೈಗುಳದಂತೆ ಕೇಳುತ್ತದೆ. ಎದುರಿಗೆ ಕರೆಯುವಾಗ ಬಾಯಿಗೆ ಮುಜುಗರ. ಮೇಲಿನಿಂದ ಒಂದು ದೊಡ್ಡ ಪದವನ್ನು ಎರವಲು ತಂದು ಕರೆಯುತ್ತಾರೆ. ಮೊದಮೊದಲು ಅದು ಉಪಚಾರ ಎಂದು ಇಬ್ಬರಿಗೂ ಗೊತ್ತು. ಮುಂದಿನ ತಲೆಮಾರಿನ ಮಗು ಮಾತು ಕಲಿಯುವುದು ಉಪಚಾರವನ್ನು ನೋಡಿ ಅಲ್ಲ, ಪದ ಯಾರ ಮೇಲೆ ಬೀಳುತ್ತದೆ ಎಂದು ನೋಡಿ. ಕಸಬರಿಗೆ ಹಿಡಿದವನನ್ನು ಜಮಾದಾರ ಎನ್ನುವುದನ್ನಷ್ಟೇ ಕೇಳಿದ ಮಗುವಿಗೆ ಜಮಾದಾರ ಎಂದರೆ ಕಸಬರಿಗೆ ಹಿಡಿದವನು. ಅಲ್ಲಿಗೆ ಅರ್ಥ ತಿರುಗಿತು. ಪದ ಕೊಟ್ಟ ಗೌರವ ಮನುಷ್ಯನಿಗೆ ಅಂಟಲಿಲ್ಲ, ಮನುಷ್ಯನ ಮೇಲಿದ್ದ ಅಸಡ್ಡೆ ಪದಕ್ಕೆ ಅಂಟಿತು. ಭಾರತೀಯ ಸೇನೆ 1965ರಲ್ಲಿ ಜಮಾದಾರ್ ಪದವಿಯ ಹೆಸರನ್ನು ನಾಯಬ್ ಸುಬೇದಾರ್ ಎಂದು ಬದಲಾಯಿಸಿತು. ಆ ಹೊತ್ತಿಗೆ ಉತ್ತರದ ನಗರಗಳಲ್ಲಿ ಆ ಪದ ಯಾರನ್ನು ಸೂಚಿಸುತ್ತಿತ್ತು ಎಂಬುದನ್ನು ನೆನೆದರೆ ಈ ಬದಲಾವಣೆ ಆಶ್ಚರ್ಯ ಹುಟ್ಟಿಸುವುದಿಲ್ಲ. ಜಮಾದಾರ ಎಂಬ ಅಡ್ಡಹೆಸರಿನ ಮನೆತನಗಳು ಮಾತ್ರ ನಮ್ಮ ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಆಳೆತ್ತರದ ಆಳಿನಂತೆ, ಆ ಅಡ್ಡಹೆಸರಿನಲ್ಲಿ ಹಳೆಯ ಜಮಾದಾರ ಮೀಸೆ ತಿರುವಿಕೊಂಡೇ ಕೂತಿದ್ದಾನೆ.

ಕನ್ನಡದಲ್ಲೂ ಈ ದಾರಿ ಹಿಡಿದ ಪದವಿದೆ. ಅರಬಿಯ ಸಾಹಿಬ್ ಎಂದರೆ ಜೊತೆಗಾರ, ಆಮೇಲೆ ಒಡೆಯ, ಆಮೇಲೆ ದೊಡ್ಡವರ ಹೆಸರಿನ ಜೊತೆ ಬರುವ ಮರ್ಯಾದೆ. ಹಳ್ಳಿಯಲ್ಲಿ ಮುಸಲ್ಮಾನ ಹಿರಿಯರನ್ನು ಸಾಹೇಬರು ಎಂದು ಕರೆದದ್ದು ಉಪಚಾರವೇ. ಅದು ಸವೆದು ಸಾಬರು ಆಯಿತು, ಒಂದು ಸಮುದಾಯದ ಹೆಸರಾಯಿತು. ಇಂದು ಆ ಸಮುದಾಯದ ಹಲವರಿಗೆ ಆ ಮಾತು ಚುಚ್ಚುತ್ತದೆ. ಸವೆಯದ ರೂಪ ಮಾತ್ರ ಎತ್ತರದಲ್ಲೇ ಉಳಿದಿದೆ: ಇಂಜಿನಿಯರ್ ಸಾಹೇಬರು, ಡಿಸಿ ಸಾಹೇಬರು. ಒಂದೇ ಪದ ಎರಡಾಗಿ ಸೀಳಿ ಒಂದು ಮೇಲೆ, ಒಂದು ಕೆಳಗೆ.

ಇಂಥ ಕಥೆಗಳನ್ನು ಹೇಳುವುದು ಸುಲಭ, ತೋರಿಸುವುದು ಕಷ್ಟ. ಆದಿಯೂ ಅಂತ್ಯವೂ ಸಿಕ್ಕರೆ ಸಾಲದು, ಎರಡೂ ಅರ್ಥ ಹೊಂದುವ ನಡುವಿನ ಒಂದು ವಾಕ್ಯ ಬೇಕು. ಕನ್ನಡದ ಪೆದ್ದನನ್ನು ತೆಲುಗಿನ 'ಪೆದ್ದ', ಅಂದರೆ ಹಿರಿಯ, ಎಂಬುದರ ಜೊತೆ ಗಂಟುಹಾಕಿ ನಗಿಸುವವರನ್ನು ಕೇಳಿದ್ದೇನೆ. ನಡುವಿನ ವಾಕ್ಯ ತೋರಿಸಿ ಎಂದಾಗ ಅವರಲ್ಲಿ ಯಾರೂ ತೋರಿಸಿಲ್ಲ. ಅಲ್ಲಿಯವರೆಗೆ ಅದು ನಗೆಹನಿ ಮಾತ್ರ.

ನಡುವಿನ ವಾಕ್ಯ ಸಿಕ್ಕ ಒಂದು ಪದವನ್ನು ಹೇಳುತ್ತೇನೆ. ಅದೂ ಬಿರುದೇ, ನಮ್ಮ ನೆಲದ ಬಂಡೆಯ ಮೇಲೂ ಇರುವಂಥದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರು ಸಿಕ್ಕಿತು. ದೇವತೆಗಳಿಗೆ ಪ್ರಿಯನಾದವನು, ಕ್ರಿಸ್ತಪೂರ್ವ 3ನೆಯ ಶತಮಾನದ ರಾಜ ಬಿರುದು. 17ನೆಯ ಶತಮಾನದ ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಗೆ ಬಂದರೆ ದೇವಾನಾಂಪ್ರಿಯ ಎಂದರೆ ಮೂರ್ಖ. ನಡುವೆ ಪತಂಜಲಿಯ ಮಹಾಭಾಷ್ಯವಿದೆ. ಅದರಲ್ಲೊಂದು ಪ್ರಸಂಗ. ಒಬ್ಬ ವೈಯಾಕರಣ ರಥವೊಂದನ್ನು ನೋಡಿ ಇದರ ಸಾರಥಿ ಯಾರು ಎಂದು ಕೇಳುತ್ತಾನೆ. ಸಾರಥಿ ನಾನೇ ಎನ್ನುತ್ತ ಸಾರಥಿಗೆ ಬೇರೊಂದು ರೂಪ ಬಳಸುತ್ತಾನೆ. ಅದು ಅಶುದ್ಧ ರೂಪ ಎಂದು ವೈಯಾಕರಣ ತಿದ್ದುತ್ತಾನೆ. ಸಾರಥಿ ಬಿಡಲಿಲ್ಲ. ದೇವಾನಾಂಪ್ರಿಯರಿಗೆ ಸೂತ್ರ ಏನು ಕೊಡುತ್ತದೆ ಎಂಬುದು ಗೊತ್ತು, ಜನಕ್ಕೆ ಏನು ಬೇಕು ಎಂಬುದು ಗೊತ್ತಿಲ್ಲ ಎನ್ನುತ್ತಾನೆ.

ಇಲ್ಲಿ ಆ ಪದವನ್ನು 'ಪೂಜ್ಯರಿಗೆ' ಎಂದೂ ಓದಬಹುದು, 'ಪೂಜ್ಯರೇ' ಎಂದು ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಇಲ್ಲದವನಿಗೆ ಹೇಳುವ ಧಾಟಿಯಲ್ಲೂ ಓದಬಹುದು. ಬಾಗಿಲು ಎರಡೂ ಕಡೆ ತೆರೆಯುತ್ತದೆ. ಪದ ತಿರುಗುವುದು ಇಂಥ ಹೊಸ್ತಿಲಲ್ಲೇ. ಬೌದ್ಧರ ಮೇಲಿನ ಹಗೆಯಿಂದಲೇ ಅಶೋಕನ ಬಿರುದು ಮೂರ್ಖನಾಯಿತು ಎನ್ನುವವರಿದ್ದಾರೆ. ಇದ್ದರೂ ಇರಬಹುದು. ಆದರೆ ಹಗೆಯ ನೆರವಿಲ್ಲದೆಯೂ, ಬರಿಯ ಅತಿ ವಿನಯದಿಂದಲೇ, ಆ ಪದ ಅಲ್ಲಿಗೆ ತಲುಪಬಲ್ಲದು ಎಂದು ಆ ಸಾರಥಿಯ ಮಾತು ತೋರಿಸುತ್ತದೆ.

ನಡುವಿನ ವಾಕ್ಯಗಳನ್ನು ಹುಡುಕುವ ಕೆಲಸ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ ಬನ್ನಿ. 1948ರಲ್ಲಿ ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ ಸಂಸ್ಕೃತದ ಐತಿಹಾಸಿಕ ಕೋಶ ಅಲ್ಲಿ ಶುರುವಾಯಿತು. ಸುಮಾರು ಒಂದೂವರೆ ಸಾವಿರ ಗ್ರಂಥಗಳಿಂದ ಪ್ರಯೋಗಗಳನ್ನು ಎತ್ತಿ ಚೀಟಿಗಳಲ್ಲಿ ಬರೆದಿಟ್ಟಿದ್ದಾರೆ, ಚೀಟಿಗಳ ಸಂಖ್ಯೆ ಕೋಟಿಯ ಹತ್ತಿರ. ಮೊದಲ ಸಂಪುಟ ಹೊರಬಂದದ್ದು 1970ರ ದಶಕದಲ್ಲಿ. ಸಂಪುಟಗಳು ಇನ್ನೂ ಅಕಾರವನ್ನು ದಾಟಿಲ್ಲ. ಒಂದು ಪದದ ಅರ್ಥಗಳನ್ನು ಅಲ್ಲಿ ಕಾಲಾನುಕ್ರಮದಲ್ಲಿ ಜೋಡಿಸುತ್ತಾರೆ. ಯಾವ ಅರ್ಥ ಯಾವುದರ ನಂತರ ಬಂತು ಎಂಬುದನ್ನು ನಮ್ಮ ಊಹೆ ಹೇಳಬಾರದು, ಚೀಟಿ ಹೇಳಬೇಕು. ನಮ್ಮ ಮಾತುಗಳಿಗೆ ಕಿಟೆಲ್ಲರ 1894ರ ಕೋಶ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಇವೆ. ಜವಾನ ಪದ ಕನ್ನಡದ ಕಡತಗಳಲ್ಲಿ ಸೈನಿಕನಿಂದ ಕಚೇರಿಯವನಾದ ಹೊಸ್ತಿಲನ್ನು ತೋರಿಸುವ ಕಾಗದ ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ, ಹಳೆಯ ಜಮೀನಿನ ಪತ್ರದಲ್ಲಿ ಇದ್ದರೂ ಇರಬಹುದು. ಸಿಕ್ಕರೆ ದಿನಾಂಕ ಇರುವ ಪುಟವನ್ನು ಹರಿಯಬೇಡಿ.

ಇನ್ನು ದೊಡ್ಡಪ್ಪನ ಮಗನ ಕತೆ. ಅವನಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು. ಆ ಸಲ ದೊಡ್ಡಪ್ಪ ಜಾಣನಾಗಿ "ಮಿಲಿಟ್ರಿ ಒಳಗ ಅದಾನ್ರಿ" ಎಂದ. ಅಣ್ಣ 17 ವರ್ಷ ಸೇವೆ ಮುಗಿಸಿ, ನಾಯಕ್ ಆಗಿ, ಎರಡು ಪಟ್ಟಿ ಹೊತ್ತು ನಿವೃತ್ತನಾದ. ಊರಿಗೆ ಬಂದ ಮೇಲೆ ಮಾಜಿ ಸೈನಿಕರ ಮೀಸಲಾತಿಯಲ್ಲಿ ತಾಲೂಕಿನ ಒಂದು ಸರ್ಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಿತು. ಆದೇಶದ ಕಾಗದ ತಂದು ದೊಡ್ಡಪ್ಪನ ಕೈಗೆ ಕೊಟ್ಟ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಹುದ್ದೆಯ ಹೆಸರಿದ್ದ ಸಾಲನ್ನು ಎರಡು ಸಲ ಓದಿದ. ಆಮೇಲೆ ಕಾಗದ ಮಡಚಿ, "ಜವಾನ್ ಅಂತ ನಾ ಮೊದಲs ಹೇಳಿದ್ದೆ" ಎಂದ.